ಗುಂಪಿನ ಫೋಟೋ, ನಾಲ್ಕು ನಿಮಿಷದ ಬೀಳ್ಕೊಡುಗೆ

ಕಚೇರಿಯ ಬೀಳ್ಕೊಡುಗೆ ಸಮಾರಂಭ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಸಂಜೆ ಮೇಜುಗಳನ್ನು ಬದಿಗೆ ಸರಿಸಿ ಕುರ್ಚಿಗಳನ್ನು ಸಾಲಾಗಿ ಹಾಕುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಉಡುಗೊರೆ. ಮುಖ್ಯಸ್ಥರು ಮಾತಾಡಿದ ಮೇಲೆ ಯಾರೋ ಒಬ್ಬರು ನಮ್ಮ ಕಡೆ ತಿರುಗಿ, "ನೀವೂ ಎರಡು ಮಾತು ಆಡಿ" ಎನ್ನುತ್ತಾರೆ. ಎದ್ದು ನಿಂತವರ ಬಾಯಿಂದ ಬರುವ ಮಾತು ಬಹುತೇಕ ಒಂದೇ: ಕಷ್ಟಪಟ್ಟು ದುಡಿಯುವವರು, ಸ್ನೇಹಜೀವಿ, ಸದಾ ನಗುಮುಖ, ಎಲ್ಲಿದ್ದರೂ ಚೆನ್ನಾಗಿರಲಿ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹೆಸರೊಂದನ್ನು ಬದಲಿಸಿದರೆ ಇದೇ ಮಾತು ಹೋದ ವರ್ಷ ನಿವೃತ್ತರಾದವರಿಗೂ ಹೊಂದುತ್ತದೆ, ಮುಂದಿನ ವರ್ಷ ವರ್ಗವಾಗಿ ಹೋಗುವವರಿಗೂ ಹೊಂದುತ್ತದೆ. ಅಂಥ ಮಾತು ಕೇಳಿಸಿಕೊಂಡವರಿಗೆ ತಮ್ಮನ್ನು ಯಾರಾದರೂ ಸರಿಯಾಗಿ ನೋಡಿದ್ದರು ಎಂದು ಅನ್ನಿಸುವುದಿಲ್ಲ.

ಇದನ್ನು ಸರಿಪಡಿಸುವ ಸಾಧನ ಪ್ರತಿ ಕಚೇರಿಯಲ್ಲೂ ಇದೆ. ಆಯುಧಪೂಜೆಯ ದಿನವೋ, ಪ್ರವಾಸದಲ್ಲೋ, ಕೆಲಸದ ಒತ್ತಡ ಮುಗಿದ ರಾತ್ರಿಯೋ ಎಲ್ಲರೂ ಸೇರಿ ತೆಗೆಸಿಕೊಂಡ ಒಂದು ಫೋಟೋ. ಸಾಮಾನ್ಯವಾಗಿ ಅದನ್ನು ಚೌಕಟ್ಟು ಹಾಕಿಸಿ ಉಡುಗೊರೆ ಕೊಡುತ್ತೇವೆ, ಭಾಷಣಕ್ಕೆ ಬಳಸುವುದಿಲ್ಲ. ಬಳಸಿದರೂ "ಎಂಥ ಸುಂದರ ದಿನಗಳು" ಎಂದು ಮುಂದೆ ಹೋಗುತ್ತೇವೆ. ಆ ಫೋಟೋದಿಂದಲೇ ನಾಲ್ಕು ನಿಮಿಷದ ಮಾತು ಕಟ್ಟುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಬಿನ್ನವತ್ತಳೆ ಬೇರೆ, ಇದು ಬೇರೆ

ಬೀಳ್ಕೊಡುಗೆಗೆ ನಮ್ಮಲ್ಲಿ ಮೊದಲಿನಿಂದ ಒಂದು ಮಾದರಿ ಇದೆ. ಅದು ಬಿನ್ನವತ್ತಳೆ. ಸನ್ಮಾನಿತರ ಹುಟ್ಟೂರು, ವಿದ್ಯಾಭ್ಯಾಸ, ಸೇವೆಗೆ ಸೇರಿದ ವರ್ಷ, ಏರಿದ ಹುದ್ದೆ, ಗುಣವಿಶೇಷಗಳನ್ನು ಗಂಭೀರ ಭಾಷೆಯಲ್ಲಿ ಬರೆದು, ಸಭೆಯಲ್ಲಿ ಓದಿ, ಚೌಕಟ್ಟು ಹಾಕಿಸಿ ಅರ್ಪಿಸುವ ಪದ್ಧತಿ. ಮೂವತ್ತು ವರ್ಷ ಸೇವೆ ಮಾಡಿ ನಿವೃತ್ತರಾಗುವ ಮೇಷ್ಟರಿಗೆ ಅದು ಚೆನ್ನಾಗಿ ಹೊಂದುತ್ತದೆ. ಅಲ್ಲಿ ಒಂದು ವೃತ್ತಿಜೀವನವೇ ಪೂರ್ಣಗೊಂಡಿರುತ್ತದೆ, ಊರಿನ ಪರವಾಗಿ ಅದಕ್ಕೆ ಸಾಕ್ಷಿ ಹೇಳಬೇಕಿರುತ್ತದೆ.

ವಿದೇಶಕ್ಕೆ ಹೊರಟವರ ವಿಷಯ ಹಾಗಲ್ಲ. ಅವರ ವೃತ್ತಿ ಇನ್ನೂ ನಡುದಾರಿಯಲ್ಲಿದೆ. ಹೊಸ ಊರಿನಲ್ಲಿ ಅವರ ಪದವಿ, ಅನುಭವ, ಹುದ್ದೆಯ ವಿವರವನ್ನು ಅವರೇ ಬಯೋಡೇಟಾದಲ್ಲಿ ಬರೆದುಕೊಂಡಿದ್ದಾರೆ. ಅದನ್ನೇ ನಾವು ಮತ್ತೆ ಓದಿದರೆ ಅವರಿಗೆ ಹೊಸದೇನೂ ಸಿಗುವುದಿಲ್ಲ. ಅವರ ಜೊತೆ ಹೋಗಬೇಕಾದದ್ದು ಬಯೋಡೇಟಾದಲ್ಲಿ ಬರೆಯಲಾಗದ ಸಂಗತಿ. ಒತ್ತಡದಲ್ಲಿ ಅವರು ಹೇಗಿರುತ್ತಾರೆ, ಯಾರೂ ಹೇಳದೆ ಯಾವ ಕೆಲಸ ಮಾಡುತ್ತಾರೆ, ಅವರು ಇಲ್ಲದ ದಿನ ಕಚೇರಿಯಲ್ಲಿ ಏನು ಕೆಡುತ್ತದೆ. ಇದು ಪಕ್ಕದಲ್ಲಿ ಕೂತು ಕೆಲಸ ಮಾಡಿದವರಿಗೆ ಮಾತ್ರ ಗೊತ್ತು. ಫೋಟೋದಲ್ಲಿ ಇರುವವರು ಅವರೇ.

ಫೋಟೋ ನೋಡುವ ಬಗೆ

ಫ್ರಾನ್ಸಿನ ಚಿಂತಕ ರೋಲಾಂ ಬಾರ್ತ್ ಛಾಯಾಚಿತ್ರಗಳ ಬಗ್ಗೆ ಬರೆದ ಪುಸ್ತಕ 1980ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ಎರಡು ಬಗೆಯ ಆಸಕ್ತಿಯನ್ನು ಬೇರೆ ಮಾಡಿ ತೋರಿಸುತ್ತಾರೆ. ಒಂದು, ಫೋಟೋ ಯಾವುದರ ಬಗ್ಗೆ ಎಂದು ಎಲ್ಲರಿಗೂ ತಿಳಿಯುವ ಸಾಮಾನ್ಯ ಅರ್ಥ. ಇನ್ನೊಂದು, ಯಾವುದೋ ಸಣ್ಣ ವಿವರ ಥಟ್ಟನೆ ನಮ್ಮನ್ನು ಚುಚ್ಚುವುದು. ಆ ವಿವರವನ್ನು ಫೋಟೋ ತೆಗೆದವರು ಬೇಕೆಂದು ಇಟ್ಟಿರುವುದಿಲ್ಲ, ಅದು ತಾನಾಗಿ ಬಂದು ಕೂತಿರುತ್ತದೆ. ಬೀಳ್ಕೊಡುಗೆ ಮಾತಿಗೆ ಬೇಕಾದದ್ದು ಈ ಎರಡನೆಯದು.

ಅದು ಸಿಗಬೇಕಾದರೆ ಫೋಟೋವನ್ನು ಮೊಬೈಲಿನ ಪುಟ್ಟ ಪರದೆಯಲ್ಲಿ ನೋಡಬೇಡಿ, ಕಂಪ್ಯೂಟರಿನಲ್ಲಿ ದೊಡ್ಡದಾಗಿ ತೆರೆಯಿರಿ. ಮುಖಗಳನ್ನು ಬಿಟ್ಟು ಕೈಗಳನ್ನು ನೋಡಿ. ಕ್ಯಾಮೆರಾ ಎದುರು ಎಲ್ಲರ ಮುಖವೂ ಒಂದೇ ನಗು ತೊಟ್ಟುಕೊಳ್ಳುತ್ತದೆ, ಆದರೆ ಕೈಗಳನ್ನು ಯಾರೂ ಸಿದ್ಧಪಡಿಸಿಕೊಂಡಿರುವುದಿಲ್ಲ. ಯಾರ ಕೈ ಯಾರ ಹೆಗಲ ಮೇಲಿದೆ, ಯಾರು ಏನು ಹಿಡಿದಿದ್ದಾರೆ ಎಂದು ಗಮನಿಸಿ. ಆಮೇಲೆ ನಿಂತ ಜಾಗ ನೋಡಿ. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಬಹುದಾಗಿದ್ದವರು ಹಿಂದೆ ಹೋಗಿ ನಿಂತಿದ್ದಾರೆಯೇ? ಹೊಸದಾಗಿ ಸೇರಿದ ಹುಡುಗನನ್ನು ಪಕ್ಕಕ್ಕೆ ಎಳೆದುಕೊಂಡಿದ್ದಾರೆಯೇ? ಕೊನೆಗೆ, ಫೋಟೋದಲ್ಲಿ ಯಾರು ಇಲ್ಲ ಎಂದು ಯೋಚಿಸಿ. ಫೋಟೋ ತೆಗೆದವರು ಅದರಲ್ಲಿ ಇರುವುದಿಲ್ಲ. ಕಚೇರಿಯ ಗುಂಪು ಫೋಟೋಗಳಲ್ಲಿ ಹೀಗೆ ಹೊರಗುಳಿಯುವವರು ಬಹಳ ಸಲ ಚಹಾ ತರುವ ಅಣ್ಣನೋ, ಕಾವಲಿನವರೋ ಆಗಿರುತ್ತಾರೆ.

ವಿವರ ಸಿಕ್ಕಿದ ಮೇಲೆ ಅದು ನಿಜವೇ ಎಂದು ಖಚಿತ ಮಾಡಿಕೊಳ್ಳಬೇಕು. "ಇದು ನಾವು ಆ ರಾತ್ರಿ ತೆಗೆದ ಫೋಟೋ" ಎಂದು ನೀವು ಹೇಳಿದಾಗ ಹಿಂದಿನ ಸಾಲಿನಿಂದ "ಅಲ್ಲ, ಅದು ಅದರ ಹಿಂದಿನ ವರ್ಷದ್ದು" ಎಂಬ ಮಾತು ಬಂದರೆ ಮುಂದಿನದೆಲ್ಲ ಸಡಿಲವಾಗುತ್ತದೆ. ಮೊಬೈಲ್ ತೆಗೆದ ಮೂಲ ಫೋಟೋದ ಫೈಲಿನೊಳಗೆ ದಿನ, ಗಂಟೆ, ನಿಮಿಷ ದಾಖಲಾಗಿರುತ್ತದೆ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದಾಗ ಆ ದಾಖಲೆ ಅಳಿಸಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಹಾಗಾಗಿ ಗ್ರೂಪಿನಿಂದ ಇಳಿಸಿಕೊಂಡ ಪ್ರತಿಯನ್ನು ನಂಬಬೇಡಿ. ಯಾರ ಮೊಬೈಲಿನಲ್ಲಿ ತೆಗೆದದ್ದೋ ಅವರನ್ನೇ ಹುಡುಕಿ, ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹಾಗೆ ಕಳಿಸಿದರೆ ದಿನಾಂಕವೂ ಉಳಿಯುತ್ತದೆ, ಮುದ್ರಣಕ್ಕೂ ಯೋಗ್ಯವಾಗಿರುತ್ತದೆ.

ಒಂದು ಉದಾಹರಣೆ

ಮೈಸೂರಿನ ಒಂದು ಲೆಕ್ಕಪರಿಶೋಧಕರ ಕಚೇರಿ ಎಂದಿಟ್ಟುಕೊಳ್ಳೋಣ. ಅಲ್ಲಿ ಎಂಟು ವರ್ಷ ಕೆಲಸ ಮಾಡಿದ ಮಹಿಳೆಯೊಬ್ಬರು ಸಂಸಾರದೊಂದಿಗೆ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೊರಟಿದ್ದಾರೆ. ಮಾತಾಡಬೇಕಾದವನು ಅವರ ಕೈಕೆಳಗೆ ಕೆಲಸ ಕಲಿತ ಯುವಕ. ಕಚೇರಿಯಲ್ಲಿ ಎಲ್ಲರ ಎದುರು ಮೇಡಂ ಎನ್ನುತ್ತಾನೆ, ಉಳಿದಂತೆ ಅಕ್ಕ. ಅವನ ಹತ್ತಿರ ಇರುವುದು ಒಂದು ಜುಲೈ 31ರ ರಾತ್ರಿಯ ಫೋಟೋ. ಸಂಬಳ, ಪಿಂಚಣಿಯವರು ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಸಾಮಾನ್ಯವಾಗಿ ಅದೇ ಕೊನೆಯ ದಿನ. ಅಂಥ ಕಚೇರಿಗಳಲ್ಲಿ ಆ ವಾರ ಯಾರೂ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುವುದಿಲ್ಲ.

ಫೋಟೋದಲ್ಲಿ 11 ಜನ. ಎಲ್ಲರೂ ನಗುತ್ತಿದ್ದಾರೆ, ಕೆಲವರು ಹೆಬ್ಬೆರಳು ಎತ್ತಿದ್ದಾರೆ. ಯುವಕ ಮೊದಲು ಬರೆದುಕೊಂಡದ್ದು "ಅಕ್ಕ ಸದಾ ನಗುತ್ತಿದ್ದರು" ಎಂದು. ದೊಡ್ಡದಾಗಿ ತೆರೆದು ನೋಡಿದಾಗ ಬೇರೊಂದು ಕಂಡಿತು. ಅಕ್ಕ ಬಲಗಡೆಯ ಕೊನೆಯಲ್ಲಿ ನಿಂತಿದ್ದಾರೆ. ಎಡಗೈಯಲ್ಲಿ ಒಂದು ಫೈಲು, ತೋರುಬೆರಳು ಅದರ ಹಾಳೆಗಳ ನಡುವೆ. ಫೋಟೋಕ್ಕೆ ಕರೆದಾಗ ಎದ್ದು ಬಂದಿದ್ದಾರೆ, ಆದರೆ ನೋಡುತ್ತಿದ್ದ ಪುಟವನ್ನು ಬಿಟ್ಟು ಬಂದಿಲ್ಲ.

ಬೆರಳಿನಿಂದ ಅವನಿಗೆ ಆ ಫೈಲು ನೆನಪಾಯಿತು, ಫೈಲಿನಿಂದ ಆ ರಾತ್ರಿಯ ಘಟನೆ. ವಯಸ್ಸಾದ ಒಬ್ಬರ ರಿಟರ್ನ್‌ನಲ್ಲಿ ಬ್ಯಾಂಕ್ ಬಡ್ಡಿಯ ಅಂಕಿ ತಾಳೆಯಾಗುತ್ತಿರಲಿಲ್ಲ. ಆದಾಯ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಒಂದು ಮೊತ್ತ, ಅವರು ತಂದುಕೊಟ್ಟ ಕಾಗದಗಳಲ್ಲಿ ಇನ್ನೊಂದು. ಅಕ್ಕ ಅವರಿಗೆ ಫೋನ್ ಮಾಡಿ, ಮನೆಯಲ್ಲಿದ್ದ ಠೇವಣಿ ರಸೀದಿಗಳನ್ನು ಒಂದೊಂದಾಗಿ ಓದಿಸಿದರು. ಠೇವಣಿಯೊಂದು ಗಂಡ ಹೆಂಡತಿಯ ಜಂಟಿ ಹೆಸರಿನಲ್ಲಿತ್ತು. ಜಂಟಿ ಠೇವಣಿಯ ಬಡ್ಡಿಯನ್ನು ಬ್ಯಾಂಕು ಸಾಮಾನ್ಯವಾಗಿ ಮೊದಲ ಹೆಸರಿನವರ ಪ್ಯಾನ್ ಸಂಖ್ಯೆಗೆ ತೋರಿಸುತ್ತದೆ, ವ್ಯತ್ಯಾಸ ಬಂದದ್ದು ಅಲ್ಲಿ. ಅದನ್ನು ಸರಿಮಾಡಿ ರಿಟರ್ನ್ ಸಲ್ಲಿಸಿದ ಮೇಲೆ ಅವರು ಇನ್ನೊಂದು ಫೋನ್ ಮಾಡಿದರು. ಆ ಎರಡನೆಯ ಫೋನು ಯುವಕನ ಮನಸ್ಸಿನಲ್ಲಿ ಉಳಿದಿತ್ತು. ಭಾಷಣದ ನಡುಭಾಗ ಅದೇ ಆಯಿತು.

ಕಾಣುವ ಒಂದು ವಿವರ, ಅದರ ಹಿಂದಿನ ಒಂದು ಘಟನೆ, ಘಟನೆ ತೋರಿಸುವ ಒಂದು ಅಭ್ಯಾಸ, ಆ ಅಭ್ಯಾಸದಿಂದ ನಮ್ಮಲ್ಲಿ ಉಳಿದದ್ದು, ಕೊನೆಗೆ ಹೋಗುವವರಿಗೆ ಒಂದು ಹಾರೈಕೆ. ಮಾತು ಈ ಕ್ರಮದಲ್ಲಿ ಸಾಗಿದರೆ ಸಾಕು. ಅವನು ಬರೆದುಕೊಂಡದ್ದು ಹೀಗಿತ್ತು:

"ಎಲ್ಲರಿಗೂ ನಮಸ್ಕಾರ. ಈ ಫೋಟೋ ಒಂದ್ಸಲ ನೋಡಿ. ಜುಲೈ 31, ರಾತ್ರಿ ಒಂಬತ್ತು ಗಂಟೆ. ನಾವೆಲ್ಲ ಕ್ಯಾಮೆರಾ ನೋಡ್ತಾ ಇದ್ದೀವಿ. ಈಗ ಬಲಗಡೆ ಕೊನೇಲಿ ಅಕ್ಕನ ಎಡಗೈ ನೋಡಿ. ಫೈಲಿನ ಒಳಗೆ ಒಂದು ಬೆರಳು ಇದೆ.

"ಆ ಫೈಲು ಒಬ್ಬ ಹಿರಿಯರದು. ಅದರಲ್ಲಿ ಒಂದು ಅಂಕಿ ಕೂಡ್ತಾ ಇರಲಿಲ್ಲ. ನಾನು ಹೇಳಿದೆ, ಹೊತ್ತಾಯ್ತು ಅಕ್ಕ, ಇಲಾಖೆ ಪಟ್ಟಿಯಲ್ಲಿ ಇರೋದನ್ನೇ ಹಾಕಿಬಿಡೋಣ ಅಂತ. ಅಕ್ಕ ನನ್ನನ್ನ ಬೈಯಲಿಲ್ಲ. ಫೋನ್ ತಗೊಂಡು ಅವರ ಮನೆಗೆ ಮಾಡಿದ್ರು. ಅವರು ಕನ್ನಡಕ ಹುಡುಕೋವರೆಗೂ ಕಾದ್ರು. ಒಂದೊಂದೇ ರಸೀದಿ ಓದಿಸಿ, ತಪ್ಪು ಎಲ್ಲಿದೆ ಅಂತ ಕಂಡುಹಿಡಿದ್ರು. ಈ ಫೋಟೋ ತೆಗೆದದ್ದು ಆ ನಡುವೆ. ಅದಕ್ಕೇ ಬೆರಳು ಅಲ್ಲಿದೆ.

"ರಿಟರ್ನ್ ಹೋದ ಮೇಲೆ ನಾವೆಲ್ಲ ಬ್ಯಾಗ್ ಎತ್ತಿಕೊಂಡ್ವಿ. ಅಕ್ಕ ಮತ್ತೆ ಫೋನ್ ಮಾಡಿದ್ರು. 'ಆಯ್ತು ಸರ್, ಎಲ್ಲ ಸರಿಹೋಯ್ತು. ಇನ್ನು ನಿಶ್ಚಿಂತೆಯಾಗಿ ಮಲಗಿ' ಅಂದ್ರು. ಅಷ್ಟೇ. ಆ ಫೋನ್ ಮಾಡಲೇಬೇಕು ಅಂತ ಯಾವ ನಿಯಮವೂ ಇಲ್ಲ. ಬೆಳಿಗ್ಗೆ ಹೇಳಿದ್ರೂ ಆಗ್ತಿತ್ತು. ಆದ್ರೆ ಆ ಮನೇಲಿ ಒಬ್ಬರು ಎದ್ದು ಕೂತಿದ್ದಾರೆ ಅನ್ನೋದು ಅಕ್ಕನಿಗೆ ನೆನಪಿತ್ತು, ನಮಗೆ ನೆನಪಿರಲಿಲ್ಲ.

"ಆವತ್ತಿಂದ ನಾನು ಪ್ರತಿ ಕೆಲಸ ಮುಗಿದ ಮೇಲೆ ಒಂದು ಫೋನ್ ಮಾಡ್ತೀನಿ. ನನ್ನ ನೋಡಿ ಈಗ ಇನ್ನಿಬ್ಬರು ಮಾಡ್ತಾರೆ. ಅಕ್ಕ ಇದನ್ನ ಯಾವತ್ತೂ ಪಾಠ ಅಂತ ಹೇಳಿಕೊಡಲಿಲ್ಲ.

"ಇನ್ನೊಂದು ಮಾತು. ಈ ಫೋಟೋದಲ್ಲಿ ನಮ್ಮ ಚಹಾ ಅಣ್ಣ ಇಲ್ಲ, ಯಾಕಂದ್ರೆ ಫೋಟೋ ತೆಗೆದದ್ದೇ ಅವರು. ಎಲ್ಲರಿಗೂ ಊಟ ಬಂತಾ ಅಂತ ಆವತ್ತು ಅಕ್ಕ ಮೊದಲು ಕೇಳಿದ್ದು ಅವರನ್ನ. ಅಣ್ಣ, ನೀವು ಮುಂದೆ ಬನ್ನಿ. ಇವತ್ತಿನ ಫೋಟೋದಲ್ಲಿ ನೀವು ಅಕ್ಕನ ಪಕ್ಕ ನಿಲ್ಲಬೇಕು.

"ಅಕ್ಕ, ಮುಂದಿನ ಜುಲೈ 31ಕ್ಕೆ ನಾವು ಇಲ್ಲೇ ಇರ್ತೀವಿ. ನಮಗೆ ಸಂಜೆ ಆರು ಗಂಟೆ ಆದಾಗ ನಿಮಗೆ ರಾತ್ರಿ ಹತ್ತೂವರೆ. ನಿಮ್ಮ ನಿದ್ದೆ ಕೆಡಿಸಲ್ಲ, ನೀವು ಕಲಿಸಿದ್ದು ನಮ್ಮ ಹತ್ತಿರ ಇದೆ. ಹೊಸ ಊರಲ್ಲಿ ನಿಮಗೂ ಅಂಥ ಒಂದು ಫೋನ್ ಮಾಡೋವಂಥ ಜನ ಸಿಗಲಿ. ಹೋಗಿಬನ್ನಿ."

ಜೋರಾಗಿ ಓದಿದರೆ ಇದು ಮೂರು ನಿಮಿಷದ ಸುಮಾರಿಗೆ ಮುಗಿಯುತ್ತದೆ. ನಡುವೆ ನಿಲ್ಲಿಸಿ, ಫೋಟೋ ತೋರಿಸಿ, ಅಣ್ಣ ಮುಂದೆ ಬರುವವರೆಗೆ ಕಾದರೆ ನಾಲ್ಕು ನಿಮಿಷ. ಅದಕ್ಕಿಂತ ಉದ್ದ ಬೇಡ, ಆಮೇಲೆ ಮಾತಾಡುವವರು ಇನ್ನೂ ಇರುತ್ತಾರೆ. ಮನಸ್ಸಿನಲ್ಲೇ ಓದಿಕೊಂಡರೆ ಸಮಯದ ಲೆಕ್ಕ ತಪ್ಪುತ್ತದೆ. ಗಡಿಯಾರ ಇಟ್ಟುಕೊಂಡು ಒಮ್ಮೆಯಾದರೂ ಗಟ್ಟಿಯಾಗಿ ಓದಿ ನೋಡಬೇಕು.

ಬಿಡಬೇಕಾದದ್ದು

ಈ ಭಾಷಣದಲ್ಲಿ ಆ ಹಿರಿಯರ ಹೆಸರಿಲ್ಲ, ಬಡ್ಡಿಯ ಮೊತ್ತವಿಲ್ಲ, ಬ್ಯಾಂಕಿನ ಹೆಸರಿಲ್ಲ, ಜಂಟಿ ಠೇವಣಿಯ ಪ್ರಸ್ತಾಪವೂ ಇಲ್ಲ. ಕಕ್ಷಿದಾರರ ಗುಟ್ಟು ಕಾಯುವುದು ಆ ವೃತ್ತಿಯ ಧರ್ಮ. ಆಸ್ಪತ್ರೆ, ಬ್ಯಾಂಕು, ಶಾಲೆ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಫೋಟೋಕ್ಕೂ ಅನ್ವಯಿಸುತ್ತದೆ. ಕಚೇರಿಯೊಳಗೆ ತೆಗೆದ ಫೋಟೋದಲ್ಲಿ ಫೈಲಿನ ಮೇಲಿನ ಹೆಸರು, ಗೋಡೆಯ ಬಿಳಿ ಹಲಗೆಯ ಮೇಲಿನ ಪಟ್ಟಿ, ತೆರೆದಿಟ್ಟ ಕಂಪ್ಯೂಟರ್ ಪರದೆ ಇರುತ್ತವೆ. ಮೊಬೈಲಿನಲ್ಲಿ ಕಾಣದ ಅಕ್ಷರಗಳು ಪ್ರೊಜೆಕ್ಟರ್ ಹಾಕಿದಾಗ ಗೋಡೆಯಗಲ ಕಾಣುತ್ತವೆ. ಯುವಕ ಮಾಡಬೇಕಾದ ಮೊದಲ ಕೆಲಸ ಆ ಫೈಲಿನ ಚೀಟಿಯನ್ನು ಫೋಟೋದಲ್ಲಿ ಮಸುಕು ಮಾಡುವುದು.

ಹೋಗುವವರ ಖಾಸಗಿ ವಿಷಯವೂ ಅಷ್ಟೇ. ವೀಸಾ, ಅಲ್ಲಿನ ಸಂಬಳ, ಗಂಡನ ಕೆಲಸ, ಇಲ್ಲಿ ಬಿಟ್ಟುಹೋಗುವ ತಂದೆ ತಾಯಿಯ ಆರೋಗ್ಯ ಇವು ಸಭೆಯಲ್ಲಿ ಆಡುವ ಮಾತಲ್ಲ. ವಿದೇಶಕ್ಕೆ ಹೊರಟವರ ಮನಸ್ಸಿನಲ್ಲಿ ಸಂತೋಷದ ಜೊತೆಗೆ ಕಳವಳವೂ ಇರುತ್ತದೆ. "ಡಾಲರ್ ಎಣಿಸುವಾಗ ನಮ್ಮನ್ನು ಮರೀಬೇಡಿ" ಎಂಬ ಮಾತು ತಮಾಷೆಗೆ ಹೇಳಿದ್ದಾದರೂ, ಇಲ್ಲಿರುವವರನ್ನು ಬಿಟ್ಟುಹೋಗುತ್ತಿದ್ದೇನೆ ಎಂಬ ಅಳುಕಿಗೇ ತಾಗುತ್ತದೆ. "ಇಂಥ ಪ್ರತಿಭೆಗಳೆಲ್ಲ ದೇಶ ಬಿಟ್ಟು ಹೋದರೆ" ಎಂಬ ಚಿಂತೆಯನ್ನು ಬೇರೆ ವೇದಿಕೆಯಲ್ಲಿ ಚರ್ಚಿಸಬಹುದು, ಹಾರ ಹಾಕಿ ಕೂರಿಸಿದವರ ಎದುರು ಅಲ್ಲ.

ಗುಂಪು ಫೋಟೋದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅದರಲ್ಲಿರುವ ಯಾರಾದರೂ ತೀರಿಕೊಂಡಿರಬಹುದು, ಮನಸ್ತಾಪದಿಂದ ಕೆಲಸ ಬಿಟ್ಟಿರಬಹುದು. ತೀರಿಕೊಂಡವರಿದ್ದರೆ ಅವರ ಹೆಸರನ್ನು ಒಂದು ವಾಕ್ಯದಲ್ಲಿ ಗೌರವದಿಂದ ಹೇಳಿ ಮುಂದೆ ಹೋಗಬೇಕು. ಸುಮ್ಮನಿದ್ದರೆ ಎಲ್ಲರ ಕಣ್ಣೂ ಅಲ್ಲೇ ನಿಲ್ಲುತ್ತದೆ. ಅವರ ಅಗಲಿಕೆ ತೀರ ಇತ್ತೀಚಿನದಾದರೆ ಬೇರೆ ಫೋಟೋ ಆರಿಸಿಕೊಳ್ಳುವುದು ಮೇಲು. ಕೆಲಸ ಬಿಟ್ಟುಹೋದವರನ್ನು ಫೋಟೋದಿಂದ ಕತ್ತರಿಸಬಾರದು. ಕತ್ತರಿಸಿದ್ದು ಎಲ್ಲರಿಗೂ ಗೊತ್ತಾಗುತ್ತದೆ.

ತೋರಿಸುವುದು, ಕೊಡುವುದು

ಫೋಟೋ ಯಾವಾಗ ತೋರಿಸಬೇಕು ಎಂಬುದೂ ಮುಖ್ಯ. ನೀವು ಎದ್ದು ನಿಲ್ಲುವ ಮೊದಲೇ ಅದು ಪರದೆಯ ಮೇಲಿದ್ದರೆ ಜನ ಆಗಲೇ ತಮ್ಮ ತಮ್ಮ ಮುಖ ಹುಡುಕಿ, ನಕ್ಕು, ಮುಗಿಸಿರುತ್ತಾರೆ. ನಮಸ್ಕಾರ ಹೇಳಿದ ಮೇಲೆ ತೋರಿಸಿ. ತೋರಿಸಿ ಐದಾರು ಸೆಕೆಂಡು ಸುಮ್ಮನಿರಿ, ಎಲ್ಲರೂ ತಮ್ಮನ್ನು ಒಮ್ಮೆ ನೋಡಿಕೊಳ್ಳಲಿ. ಆಮೇಲೆ ವಿವರದ ಕಡೆ ಕೈ ತೋರಿಸಿ. ಪೂರ್ತಿ ಫೋಟೋ ಒಂದು ಸ್ಲೈಡ್, ಆ ಕೈಯನ್ನು ಮಾತ್ರ ದೊಡ್ಡದು ಮಾಡಿದ್ದು ಇನ್ನೊಂದು. ಎರಡೇ ಸಾಕು. ಘಟನೆ ಹೇಳಲು ತೊಡಗಿದಾಗ ಪರದೆಯನ್ನು ಖಾಲಿ ಮಾಡಿ, ಸಭೆಯ ಕಣ್ಣು ಹೋಗುವವರ ಕಡೆ ತಿರುಗಬೇಕು. ಪ್ರೊಜೆಕ್ಟರ್ ಇಲ್ಲದ ಕಚೇರಿಯಲ್ಲಿ ಫೋಟೋದ ಮುದ್ರಿತ ಪ್ರತಿಯನ್ನು ಮಾತಿಗೆ ಮುಂಚೆ ಕೈಯಿಂದ ಕೈಗೆ ದಾಟಿಸಿದರಾಯಿತು. ಮಾತಾಡುವಾಗ ದಾಟಿಸಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಮುದ್ರಿಸಿ ಕೊಡುವುದಾದರೆ ಅಳತೆ ನೋಡಿಕೊಳ್ಳಿ. 12 ಇಂಚು ಅಗಲ 8 ಇಂಚು ಎತ್ತರದ ಪ್ರತಿ ಸ್ಪಷ್ಟವಾಗಿ ಬರಬೇಕಾದರೆ ಫೋಟೋ ಸುಮಾರು 3600 ಪಿಕ್ಸೆಲ್ ಅಗಲ, 2400 ಪಿಕ್ಸೆಲ್ ಎತ್ತರ ಇದ್ದರೆ ಒಳ್ಳೆಯದು. ವಾಟ್ಸಾಪಿನಲ್ಲಿ ಕುಗ್ಗಿದ ಪ್ರತಿ ಅಷ್ಟು ಇರುವುದು ಕಷ್ಟ, ಹಿಗ್ಗಿಸಿದರೆ ಮುಖಗಳು ಮಸುಕಾಗುತ್ತವೆ. ಗಾಜು ಹಾಕಿದ ದೊಡ್ಡ ಚೌಕಟ್ಟು ವಿಮಾನದ ಪೆಟ್ಟಿಗೆಯಲ್ಲಿ ಒಡೆಯುತ್ತದೆ, ತೂಕವನ್ನೂ ತಿನ್ನುತ್ತದೆ. ಆಸ್ಟ್ರೇಲಿಯಾಕ್ಕೆ ಹೋಗುವವರಿಗೆ ಇನ್ನೊಂದು ತೊಡಕಿದೆ. ಮರದ ವಸ್ತು, ಬೀಜ, ಹಣ್ಣು, ಹೂವು ಏನೇ ಇದ್ದರೂ ಅಲ್ಲಿ ಇಳಿದಾಗ ಘೋಷಿಸಲೇಬೇಕು, ಅಧಿಕಾರಿಗಳು ತಪಾಸಣೆ ಮಾಡುತ್ತಾರೆ. ಹಾಗಾಗಿ ನಮ್ಮ ವಾಡಿಕೆಯ ಬೀಟೆಮರದ ಚೌಕಟ್ಟು, ಗಂಧದ ಹಾರಕ್ಕಿಂತ ಚೌಕಟ್ಟಿಲ್ಲದ ಫೋಟೋವನ್ನು ಗಟ್ಟಿ ರಟ್ಟಿನ ನಡುವೆ ಇಟ್ಟು ಕೊಡುವುದು ಅನುಕೂಲ.

ಆ ರಟ್ಟಿನ ಒಳಬದಿಗೆ ಒಂದು ಹಾಳೆ ಅಂಟಿಸಿ. ಅದರ ಮೇಲೆ ಎಡದಿಂದ ಬಲಕ್ಕೆ ಎಲ್ಲರ ಹೆಸರು, ದಿನಾಂಕ, ಸಂದರ್ಭ, ಫೋಟೋ ತೆಗೆದವರ ಹೆಸರು ಬರೆಯಿರಿ. ಹತ್ತು ವರ್ಷದ ಮೇಲೆ ಹೆಸರುಗಳು ಮರೆತುಹೋಗುತ್ತವೆ, ಮನೆಯ ಮಕ್ಕಳು ಕೇಳಿದಾಗ ಹೇಳಲು ಬರಬೇಕು. ಭಾಷಣದ ಪ್ರತಿಯನ್ನೂ ಅದರ ಜೊತೆ ಇಡಿ. ಬೀಳ್ಕೊಡುಗೆಯ ದಿನ ಕೂತವರಿಗೆ ಅರ್ಧ ಮಾತೂ ತಲೆಗೆ ಹೋಗಿರುವುದಿಲ್ಲ. ಅವರು ಅದನ್ನು ಸಾವಧಾನವಾಗಿ ಓದುವುದು ಹೊಸ ಊರಿಗೆ ಹೋಗಿ ಪೆಟ್ಟಿಗೆ ಬಿಚ್ಚಿದಾಗ.

ನಿಮ್ಮ ಕಚೇರಿಯಿಂದ ಯಾರಾದರೂ ಹೊರಡುವ ಸುದ್ದಿ ಬಂದಿದ್ದರೆ ಸಮಾರಂಭದ ದಿನಕ್ಕೆ ಕಾಯಬೇಡಿ. ಇವತ್ತೇ ಒಂದು ಗುಂಪು ಫೋಟೋ ಹುಡುಕಿ, ಮೂಲ ಫೈಲು ತರಿಸಿಕೊಳ್ಳಿ, ದೊಡ್ಡದಾಗಿ ತೆರೆದು ಅವರ ಕೈ ನೋಡಿ. ಬರೆದ ಮೇಲೆ ಅವರ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿ ಓದಿ ನೋಡಿ. ಮಾತು ಆಗಲೂ ಹೊಂದಿದರೆ ಆ ಹಾಳೆ ಹರಿದುಹಾಕಿ, ಮತ್ತೆ ಫೋಟೋ ನೋಡಿ.